ಅಂಬಾರಾಯನ ರಾಜೀನಾಮಾ

"ನಾ ಬರಂಗಿಲ್ಲ ಅಂದ್ರ ಬರಂಗಿಲ್ಲ ಗುರಲಿಂಗಣ್ಣ. ಎಷ್ಟ್ ಸಲ ಹೇಳ್ಬೇಕು ನಿನಗ?"

ಅಂಬಾರಾಯ ಇದನ್ನು ನಾಲ್ಕನೆಯ ಸಲ ಹೇಳಿದ್ದು. ಗುರುಲಿಂಗಪ್ಪ ನಾಲ್ಕನೆಯ ಸಲ ತನ್ನ ಟೋಪಿ ತೆಗೆದು ಮೊಣಕಾಲ ಮೇಲಿಟ್ಟು ಮತ್ತೆ ತಲೆಗೆ ಹಾಕಿಕೊಂಡ. ಶಹಾಬಾದಿನ ನೆಲಹಾಸಿನ ಫರ್ಸಿ ಕಲ್ಲಿನ ಕಾರ್ಖಾನೆಗಳ ಕೂಲಿಕಾರರ ಯೂನಿಯನ್ನಿಗೆ ಅವನೇ ಕಾರ್ಯದರ್ಶಿ, ಅವನೇ ಗುಮಾಸ್ತ, ಆಫೀಸಿನ ಕಸ ಹೊಡೆಯುವವನೂ ಅವನೇ. ಸೇಠರ ಬೈಗುಳ ಅವನಿಗೆ ಅಭ್ಯಾಸವಾಗಿತ್ತು, ಪೊಲೀಸರ ಲಾಠಿಯೂ ಒಂದೆರಡು ಸಲ ಪರಿಚಯವಾಗಿತ್ತು. ಆದರೆ ಕೈ ಕಳಕೊಂಡ ಮನುಷ್ಯನೇ ಕೈಗೆ ಪರಿಹಾರ ಬೇಡ ಅನ್ನುವುದು ಅವನ ತಲೆಗೆ ಹೋಗುತ್ತಿರಲಿಲ್ಲ. ಎಮ್ಮೆ ಮೇಲೆ ಮಳೆ ಸುರಿದಂತೆ ಎಷ್ಟು ಹೇಳಿದರೂ ಅಷ್ಟೇ.

ಆದದ್ದು ಇಷ್ಟು. ಆಡಕಿ ಊರಿನ ಅಂಬಾರಾಯ ಎರಡು ವರ್ಷದ ಹಿಂದೆ ಶಹಾಬಾದಿಗೆ ಬಂದು ನಾಗೇಂದ್ರಪ್ಪ ಸೇಠರ ಪಾಲಿಶ್ ಕಾರ್ಖಾನೆ ಸೇರಿದ್ದ. ಫರ್ಸಿ ಕಲ್ಲನ್ನು ತಿಕ್ಕಿ ನುಣುಪು ಮಾಡುವ ಯಂತ್ರ, ಅದನ್ನು ತಿರುಗಿಸಲು ಎಂಜಿನ್ನು, ಎರಡರ ನಡುವೆ ಆಳೆತ್ತರದಲ್ಲಿ ಓಡುವ ಚರ್ಮದ ಪಟ್ಟಾ. ಐವತ್ಮೂರನೇ ಇಸವಿಯ ಶ್ರಾವಣದಲ್ಲಿ, ಹಾಡುಹಗಲಲ್ಲಿ, ಆ ಪಟ್ಟಾ ಅವನ ಅಂಗಿಯ ತೋಳು ಹಿಡಿದೆಳೆಯಿತು. ಕಲಬುರಗಿ ದವಾಖಾನೆಯಲ್ಲಿ ಬಲಗೈಯನ್ನು ಮೊಣಕೈಯಿಂದ ಕೆಳಗೆ ತೆಗೆದರು. ಈಗ ದೀಪಾವಳಿ ಹತ್ತಿರ ಬಂದಿತ್ತು. ಅಂಬಾರಾಯ ಮನೆಯ ಕಟ್ಟೆಯ ಮೇಲೆ ಖಾಲಿ ತೋಳನ್ನು ಮಡಚಿ ಪಿನ್ನು ಹಾಕಿಕೊಂಡು ಕೂತಿದ್ದ.

"ಸೇಠರು ನನಗ ಗಾಡಿ ಮಾಡಿ ದವಾಖಾನಿಗಿ ಕಳಿಸ್ಯಾರ. ಎರಡ್ ಸಲ ಜ್ವಾಳ ಕೊಟ್ಟಾರ. ಅವರ ಮ್ಯಾಲ ನಾ ದಾವಾ ಹಾಕ್ಲಿ?"

"ಜ್ವಾಳ ಎರಡ್ ಸಲ ಕೊಟ್ಟಾರ. ಕೈ ಸಾಯೋತನಕ ಇಲ್ಲಲ್ಲೋ ತಮ್ಮಾ."

"ಮ್ಯಾಲ ನಾ ರಾಜೀನಾಮಾಕ್ಕ ಹೆಬ್ಬಟ್ಟು ಒತ್ತೀನಿ. ಬರೇ ಒತ್ತಿಲ್ಲ, ಮನಿದೇವರ ಆಣಿ ಮಾಡಿ ಒತ್ತೀನಿ."

ಇಲ್ಲಿಗೆ ಬಂದು ನಿಲ್ಲುತ್ತಿತ್ತು ಮಾತು. ಗುರುಲಿಂಗಪ್ಪನಿಗೆ ಆ ರಾಜೀನಾಮಾ ಬಾಯಿಪಾಠವಾಗಿತ್ತು. ಸೇಠರ ಮುನ್ಶಿ ಜಿಲಾನಿ ಉರ್ದುವಿನಲ್ಲಿ ದುಂಡಗೆ ಬರೆದ ಕಾಗದ. ಕೆಲಸಕ್ಕೆ ಸೇರುವ ಪ್ರತಿಯೊಬ್ಬನಿಂದಲೂ ಮೊದಲ ದಿನವೇ ಹೆಬ್ಬಟ್ಟು ಒತ್ತಿಸಿಕೊಳ್ಳುತ್ತಿದ್ದರು. ನಾನು ನನ್ನ ಖುಷಿಯಿಂದ ಒಪ್ಪಿ ಬರೆದುಕೊಟ್ಟದ್ದು ಏನಂದರೆ, ಕೆಲಸದಲ್ಲಿ ನನಗೆ ಗಾಯವಾದರೂ ಜೀವ ಹೋದರೂ ಮಾಲೀಕರದು ಜಿಮ್ಮೇದಾರಿ ಇಲ್ಲ, ಯಾವ ಕಾಯ್ದೆಯ ಕೆಳಗೂ ನಾನಾಗಲಿ ನನ್ನ ವಾರಸುದಾರರಾಗಲಿ ಪರಿಹಾರ ಕೇಳುವುದಿಲ್ಲ, ಇದಕ್ಕೆ ಬದಲಾಗಿ ಮಾಲೀಕರು ದಿನಕ್ಕೆ ಎರಡಾಣೆ ಹೆಚ್ಚು ಕೂಲಿ ಕೊಡತಕ್ಕದ್ದು. ಒಪ್ಪಂದದ ಕಾಗದಕ್ಕೆ ನಿಜಾಮನ ಸೀಮೆಯಲ್ಲಿ ರಾಜೀನಾಮಾ ಅಂತಲೇ ಹೆಸರು. ರಾಜಿಯಾದದ್ದಕ್ಕೆ ನಾಮಾ, ಅಂದರೆ ಕಾಗದ, ಮುಗಿಯಿತು.

"ಆ ಕಾಗದ ರದ್ದಿ ಅದ ಅಂಬಾರಾಯ," ಎಂದ ಗುರುಲಿಂಗಪ್ಪ. "ಕೂಲಿಕಾರರ ಪರಿಹಾರ ಕಾಯ್ದೆದ ಹದಿನೇಳನೇ ಕಲಂ ಏನ್ ಹೇಳ್ತದ ಗೊತ್ತದಾ? ಕೆಲಸದಾಗ ಆದ ಗಾಯದ ಪರಿಹಾರ ಬಿಟ್ಟುಕೊಡ್ತೀನಿ ಅಂತ ಕೂಲಿಕಾರ ಯಾವಾಗ ಬರಕೊಟ್ರೂ ಆ ಬರಹ ನಡ್ಯಂಗಿಲ್ಲ. ಈ ಕಾಯ್ದೆ ಐವತ್ತೊಂದರಾಗ ನಮ್ಮ ಕಡಿಗಿನೂ ಬಂದದ. ನೀ ಸೇರಿದ್ದು ಅದರ ಮ್ಯಾಲ."

"ಕಾಯ್ದೆ ಬರಹಕ್ಕ ಹೇಳ್ತದ. ಮಾತಿಗಿ?"

ಗುರುಲಿಂಗಪ್ಪನಿಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಒಳಗಿನಿಂದ ಅಂಬಾರಾಯನ ಹೆಂಡತಿ ಶಿವಕಾಂತಮ್ಮ ಹೊರಗೆ ಬಂದಳು. ಇಷ್ಟು ದಿನ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡವಳು ಅಂದು ಹೊಸ್ತಿಲ ಮೇಲೆಯೇ ಕೂತುಬಿಟ್ಟಳು.

"ಅಣ್ಣಾರ, ನೀವು ಜರಾ ಸುಮ್ಕಿರ್ರಿ. ನಾ ಒಂದ್ ಮಾತ್ ಕೇಳ್ತೀನಿ ಇವರಿಗಿ," ಅಂದವಳೇ ಗಂಡನ ಕಡೆ ತಿರುಗಿದಳು. "ಮಾತು ನಿಮ್ದು, ಕೊಟ್ರಿ, ಕೊಡ್ರಿ. ಕೈ ಯಾರದು? ಆ ಕೈಲಿಂದ ಉಣ್ಣೋರು ಐದು ಮಂದಿ ಇದ್ದೀವಿ. ನಮಗ ಕೇಳಿ ಒತ್ತಿದ್ರ್ಯಾ ಹೆಬ್ಬಟ್ಟು? ನಮ್ಮ ಪಾಲಿಂದು ನೀವ್ ಹ್ಯಾಂಗ್ ಬರಕೊಡ್ತೀರಿ?"

ಅಂಬಾರಾಯ ಎಡಗೈಯಿಂದ ಮುಖ ಒರೆಸಿಕೊಂಡು, "ಏನ್ ಬರೀತಿ ಬರಿ ಅಣ್ಣ," ಅಂದ. ಎರಡು ತಿಂಗಳು ಗುರುಲಿಂಗಪ್ಪ ಬಡಕೊಂಡರೂ ಆಗದೆ ಇದ್ದದ್ದು ಅವಳಿಂದ ಒಂದು ಗಳಿಗೆಯಲ್ಲಿ ಆಯಿತು. ಅವನಿಗೆ ಖುಷಿಯೂ ಆಯಿತು, ಒಳಗೊಳಗೇ ಸ್ವಲ್ಪ ಉರಿಯೂ ಆಯಿತು.

ಆ ಉರಿಗೋ ಏನೋ, ಅರ್ಜಿಯನ್ನು ಅವನು ತನ್ನ ಪಾಂಡಿತ್ಯವೆಲ್ಲ ತೋರಿಸಿ ಬರೆದ. ಗಾಯದ ಪರಿಹಾರದ ಅರ್ಜಿ ಹೋಗುವುದು ಕಲಬುರಗಿಯಲ್ಲಿ ಕೂರುವ ಕಮಿಷನರಿಗೆ. ಕೈ ಹೋದದ್ದು ಯಾರಿಗಾದರೂ ಕಾಣುತ್ತದೆ, ಅದರಲ್ಲಿ ಬರೆಯುವುದೇನು ಎಂದು ಅದಕ್ಕೆ ಒಂದೇ ಸಾಲು ಕೊಟ್ಟ. ಉಳಿದ ಎರಡು ಪುಟ ತುಂಬ ರಾಜೀನಾಮಾದ್ದೇ ಸುದ್ದಿ. ಸದರಿ ರಾಜೀನಾಮಾ ಊರ್ಜಿತವಲ್ಲ, ಸದರಿ ರಾಜೀನಾಮಾದಿಂದ ಅರ್ಜಿದಾರನ ಹಕ್ಕು ಹೋಗುವುದಿಲ್ಲ, ಸದರಿ ರಾಜೀನಾಮಾ ಮೊದಲಿನಿಂದಲೇ ರದ್ದು. ಬರೆದು ಮುಗಿಸಿ ತಾನೇ ಎರಡು ಸಲ ಓದಿ ತಲೆದೂಗಿದ. ನಿಜಾಮನನ್ನು ಇಳಿಸಿದ ಪೊಲೀಸ್ ಆಕ್ಷನ್ ಆದ ಮೇಲೆ ಕಚೇರಿಗಳಲ್ಲಿ ಉರ್ದು ಇಳಿದು ಇಂಗ್ಲಿಷು ಏರಿತ್ತು. ಗುರುಲಿಂಗಪ್ಪನಿಗೆ ಉರ್ದು ನೀರು ಕುಡಿದಂತೆ, ಇಂಗ್ಲಿಷು ಮಾತ್ರ ಅಡ್ರೆಸ್ ಓದುವಷ್ಟು. ಅದಕ್ಕೆ ಕಲಬುರಗಿ ಸ್ಟೇಷನ್ನಿನ ಎದುರು ಹೊಸದಾಗಿ ಅಂಗಡಿ ಹಾಕಿದ್ದ ಟೈಪಿಸ್ಟನ ಹತ್ತಿರ ಹೋದ. ಟೈಪಿಸ್ಟ್ ಧಾರವಾಡದ ಕಡೆಯವನು, ಬೆರಳು ಭಾಳ ಚುರುಕು. ಕನ್ನಡ ಓದುತ್ತ ಓದುತ್ತಲೇ ಇಂಗ್ಲಿಷಿನಲ್ಲಿ ಬಡಿದು ಕೊಟ್ಟ. ಅಂಬಾರಾಯ ಎಡಗೈ ಹೆಬ್ಬಟ್ಟು ಒತ್ತಿದ. ಅರ್ಜಿ ಕಚೇರಿಗೆ ಹೋಯಿತು.

ಸಂಕ್ರಾಂತಿ ಬಂತು, ಹೋಯಿತು. ಯುಗಾದಿ ಬಂತು, ಹೋಯಿತು. ಗುರುಲಿಂಗಪ್ಪ ರೈಲಿನಲ್ಲಿ ಹೋಗಿ ವಿಚಾರಿಸಿದಾಗಲೆಲ್ಲ ಕಾಗದ ಇನ್ನೊಂದು ಮೇಜಿಗೆ ಹೋಗಿದೆ ಅನ್ನುತ್ತಿದ್ದರು. ಯಾವ ಮೇಜು, ಯಾಕೆ ಹೋಗಿದೆ ಅಂದರೆ ಜವಾಬಿಲ್ಲ. ಇತ್ತ ಶಿವಕಾಂತಮ್ಮ ನಾಲ್ಕು ಮನೆಯ ಕಸಮುಸುರೆ ಹಿಡಿದಳು. ಅಂಬಾರಾಯ ಎಡಗೈಯಿಂದ ರೊಟ್ಟಿ ಮುರಿಯುವುದನ್ನು ಕಲಿತ. ಅವನು ಗುರುಲಿಂಗಪ್ಪನನ್ನು ಏನೂ ಕೇಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಷಾಢ ಮುಗಿದು ಶ್ರಾವಣದ ಮಳೆ ಹಿಡಿದಾಗ ಅರ್ಜಿ ಅಂಚೆಯಲ್ಲಿ ವಾಪಸು ಬಂತು. ಮೇಲೆ ನಾಲ್ಕು ಸಾಲು ಇಂಗ್ಲಿಷು. ಗುರುಲಿಂಗಪ್ಪ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಚಿತ್ತಾಪುರದ ಬಸ್ಸು ಹಿಡಿದ. ಅಲ್ಲಿ ದೇವಿಂದ್ರಪ್ಪ ವಕೀಲರಿದ್ದರು. ವಯಸ್ಸಾದ ಮನುಷ್ಯ, ಬಡವರ ಕೇಸಿಗೆ ಚಹಾ ಕುಡಿಸಿದರೂ ಸಾಕು ಅನ್ನುವವರು, ಆದರೆ ಬಾಯಿ ಮಾತ್ರ ಕಾದ ಹಂಚು. ಮೂಗಿನ ಮೇಲೆ ಚಾಳೀಸು ಏರಿಸಿ ಓದಿದರು, ಮತ್ತೊಮ್ಮೆ ಓದಿದರು, ಆಮೇಲೆ ಗುರುಲಿಂಗಪ್ಪನನ್ನು ಕಾಲಿನಿಂದ ತಲೆತನಕ ನೋಡಿದರು.

"ಏನ್ ಬರಸೀರಿ ಗೊತ್ತದಾ ಇದರಾಗ?"

"ರಾಜೀನಾಮಾ ರದ್ದು ಅಂತ ಬರಸೀನ್ರಿ."

"ನೌಕರಿ ಬಿಟ್ಟಿದ್ದು ರದ್ದು ಅಂತ ಬಂದದ. ಧಾರವಾಡದ ಮಂದಿಗಿ ರಾಜೀನಾಮೆ ಅಂದ್ರ ಏನು? ನಮ್ಮ ಇಸ್ತೀಫಾ. ಕೆಲಸ ಬಿಡ್ತೀನಿ ಅಂತ ಕೊಡೋ ಚೀಟಿ. ಎರಡ್ ಪುಟ ತುಂಬ ಈ ಮನುಷ್ಯ ತನ್ನ ಇಸ್ತೀಫಾ ವಾಪಸ್ ಕೇಳ್ಯಾನ. ಕೈ ಹೋಗಿದ್ದು ಎಲ್ಲಿ ಅದ? ಒಂದು ಸಾಲು, ಕೊನಿಗಿ, ಕರಬೇವಿನ ಹಂಗ."

ಗುರುಲಿಂಗಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಪಾಪ ಅವರು ಇದನ್ನ ನೌಕರಿ ತಕರಾರು ನೋಡೋರ ಮೇಜಿಗಿ ಕಳಿಸ್ಯಾರ. ಅವರು ಆರ್ ತಿಂಗಳ ಇಟಗೊಂಡು, ಇಸ್ತೀಫಾದ ಜಗಳ ಈ ಕಾಯ್ದೆದಾಗ ಬರಂಗಿಲ್ಲ ಅಂತ ಕೈ ತೊಳಕೊಂಡಾರ. ತಪ್ಪು ಅವರದಲ್ಲ. ಕೆಲಸಕ್ಕ ಸೇರಿದ ದಿನಾನೇ ಇಸ್ತೀಫಾ ಕೊಟ್ಟು, ಮುಂದ ಎರಡ್ ವರ್ಷ ದುಡದು, ಆಮ್ಯಾಲ ಅದನ್ನ ವಾಪಸ್ ಕೇಳೋ ಮನುಷ್ಯಾ ನಿಮ್ಮ ಯೂನಿಯನ್ನಿನಾಗ ಮಾತ್ರ ಸಿಗ್ತಾನ."

ಬೇರೆ ದಿನವಾಗಿದ್ದರೆ ಗುರುಲಿಂಗಪ್ಪನೂ ನಗುತ್ತಿದ್ದ. ಅಂದು ಅವನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನಿಸಿತು. ಟೈಪಿಸ್ಟನನ್ನು ಬೈದು ಏನು ಬಂತು? ಕಲಂ ಗೊತ್ತಿದೆ ಎಂಬ ಸೊಕ್ಕಿನಲ್ಲಿ ಕೈಯನ್ನು ಒಂದು ಸಾಲಿಗೆ ಇಳಿಸಿದವನು ತಾನು. ಅಂಬಾರಾಯನ ಎಂಟು ತಿಂಗಳು ತನ್ನ ಪಾಂಡಿತ್ಯಕ್ಕೆ ಖರ್ಚಾಗಿದ್ದವು.

"ಗಾಯ ಆಗಿದ್ದು ಯಾವಾಗ?" ವಕೀಲರು ಕೇಳಿದರು. ಗುರುಲಿಂಗಪ್ಪ ತಾರೀಖು ಹೇಳಿದ. "ಒಂದು ವರ್ಷದೊಳಗ ಅರ್ಜಿ ಬೀಳಬೇಕು. ತಡ ಆದ್ರ ಕಾರಣ ತೋರಿಸಿ ಮಾಫಿ ಕೇಳಬಹುದು, ಅದು ಅವರ ಮರ್ಜಿ. ಅದರ ಮ್ಯಾಲ ಯಾಕ್ ಕುಂದರಬೇಕು? ಇನ್ನ ಒಂಬತ್ ದಿನ ಅದಾವ. ಕುಂದ್ರಿ ಇಲ್ಲೇ."

ದೇವಿಂದ್ರಪ್ಪನವರು ಅಲ್ಲೇ ಹೊಸ ಅರ್ಜಿ ಬರೆದರು, ತಾವೇ ಇಂಗ್ಲಿಷಿನಲ್ಲಿ, ಒಂದೇ ಪುಟ. ಯಾರ ಹತ್ತಿರ ಕೆಲಸ, ಯಾವ ದಿನ, ಯಾವ ಯಂತ್ರ, ಯಾವ ಕೈ, ಕೂಲಿ ಎಷ್ಟು. ಬಲಗೈಗೂ ಎಡಗೈಗೂ ಕಾಯ್ದೆಯ ಪಟ್ಟಿಯಲ್ಲಿ ಬೇರೆ ಬೇರೆ ಲೆಕ್ಕವಿದೆ, ಅದಕ್ಕೇ ಬಲಗೈ ಅಂತ ಸ್ಪಷ್ಟವಾಗಿ ಬರೆದರು. ರಾಜೀನಾಮಾದ ಮಾತೇ ಎತ್ತಲಿಲ್ಲ.

"ಅದನ್ನ ನಾವ್ಯಾಕ್ ಹೇಳಬೇಕು? ಅವರು ತರ್ಲಿ. ತಂದಾಗ ನೋಡಮು," ಅಂದರು.

ಕಮಿಷನರ್ ಸಾಹೇಬರು ದಸರೆಯ ನಂತರ ಶಹಾಬಾದಿನ ಮುಸಾಫಿರ್ ಬಂಗಲೆಯಲ್ಲೇ ಕ್ಯಾಂಪು ಹಾಕಿ ವಿಚಾರಣೆ ಮಾಡಿದರು. ಸೇಠರು ಬಿಳಿ ರುಮಾಲು ಸುತ್ತಿ, ವಿಭೂತಿ ಧರಿಸಿ ಬಂದಿದ್ದರು. ಅಂಬಾರಾಯ ಅವರನ್ನು ಕಂಡ ಕೂಡಲೇ ಎದ್ದು ನಿಂತು, ಒಂದೇ ಕೈಯನ್ನು ಎದೆಗಿಟ್ಟು ಶರಣು ಅಂದ. ಸೇಠರೂ ಶರಣು ಅಂದರು. ಗುರುಲಿಂಗಪ್ಪ ಹಲ್ಲು ಕಚ್ಚಿದ.

ಸೇಠರ ವಕೀಲರು ಹೈದರಾಬಾದಿನಿಂದ ಬಂದಿದ್ದರು. ಜಿಲಾನಿ ತಂದ ಕಟ್ಟಿನಿಂದ ರಾಜೀನಾಮಾ ತೆಗೆದು ಮೇಜಿನ ಮೇಲೆ ಇಟ್ಟರು. ಈತ ಒಪ್ಪಿ ಬರೆದುಕೊಟ್ಟಿದ್ದಾನೆ, ಅದಕ್ಕೆ ಪ್ರತಿಯಾಗಿ ದಿನಕ್ಕೆ ಎರಡಾಣೆ ಹೆಚ್ಚು ಪಡೆದಿದ್ದಾನೆ, ಕೊಟ್ಟು ತೆಗೆದುಕೊಂಡ ಕರಾರಿಗೆ ಬೆಲೆ ಇಲ್ಲವೇ ಎಂದು ಕೇಳಿದರು. ಆಮೇಲೆ ಅಂಬಾರಾಯನ ಕಡೆ ತಿರುಗಿದರು.

"ಇದು ನಿನ್ನ ಹೆಬ್ಬಟ್ಟೇನು?"

"ಹೌದ್ರಿ."

"ಓದಿ ಹೇಳಿದ್ರೇನು ನಿನಗ?"

"ಹೇಳ್ಯಾರ್ರಿ. ಜಿಲಾನಿ ಭಾಯಿ ಎರಡ್ ಸಲ ಹೇಳ್ಯಾರ."

"ಯಾರಾದ್ರೂ ಹೆದರಿಸಿದ್ರೇನು?"

ಗುರುಲಿಂಗಪ್ಪ ಕಣ್ಣು ಮುಚ್ಚಿಕೊಂಡ. ಇಲ್ಲ ಅನ್ನಬೇಡ, ಒಂದು ಸಲ ಹೆದರಿಸಿದರು ಅನ್ನು ಮಾರಾಯ, ಬೇಡ, ಸುಮ್ಮನಾದರೂ ಇರು.

"ಇಲ್ರಿ. ನನ್ನ ಖುಷಿಲಿಂದ ಒತ್ತೀನಿ. ಆಣಿ ಭೀ ಮಾಡೀನಿ."

ಸೇಠರ ವಕೀಲರು ಗೆದ್ದವರಂತೆ ಕೂತರು. ದೇವಿಂದ್ರಪ್ಪನವರು ಎದ್ದು, ಹದಿನೇಳನೇ ಕಲಂ, ಸಾಹೇಬರಿಗೆ ನಾನು ಓದಬೇಕಾಗಿಲ್ಲ ಎಂದಷ್ಟೇ ಹೇಳಿ ಕೂತುಬಿಟ್ಟರು. ಇಷ್ಟೇನಾ ಅಂತ ಗುರುಲಿಂಗಪ್ಪನಿಗೆ ಜೀವ ಹೋಯಿತು.

ಕಮಿಷನರು ರಾಜೀನಾಮಾವನ್ನು ಕೈಯಲ್ಲಿ ಹಿಡಿದು ಸೇಠರ ವಕೀಲರನ್ನು ಕೇಳಿದರು. "ಇದರಲ್ಲಿ ಕೂಲಿಕಾರ ಬಿಟ್ಟುಕೊಡೋದು ಏನು?"

"ಗಾಯದ ಪರಿಹಾರ, ಸಾಹೇಬ್."

"ಹಾಗಾದರೆ ಮುಗಿಯಿತು. ಇವನು ಓದಿದನೋ ಓದಿಸಿದರೋ, ಹೆದರಿ ಒತ್ತಿದನೋ ಹಿಗ್ಗಿ ಒತ್ತಿದನೋ, ಎರಡಾಣೆ ತಗೊಂಡನೋ ಹತ್ತಾಣೆ ತಗೊಂಡನೋ, ಅದು ಯಾವುದನ್ನೂ ಕಾಯ್ದೆ ಕೇಳೋದಿಲ್ಲ. ಈ ಹಕ್ಕು ಬಿಟ್ಟುಕೊಡೋ ಕರಾರು, ಆ ಮಟ್ಟಿಗೆ, ರದ್ದು."

"ಎರಡೂ ಕಡೆಯವರು ರಾಜಿಯಾಗೋದೇ ತಪ್ಪು ಅಂದ ಹಾಗಾಯ್ತು, ಸಾಹೇಬ್."

"ರಾಜಿ ಆಗಬಹುದು. ಗಾಯ ಆದ ಮೇಲೆ, ಇಷ್ಟು ಕೊಡ್ತೀವಿ ಅಂತ ಇಬ್ಬರೂ ಒಪ್ಪಿ ನನ್ನ ಮುಂದೆ ನೋಂದಣಿಗೆ ತನ್ನಿ. ಕಡಿಮೆ ಕೊಟ್ಟಿದ್ದರೆ, ಮೋಸ ಇದ್ದರೆ, ನಾನು ನೋಂದಣಿ ಮಾಡೋದಿಲ್ಲ. ಗಾಯ ಆಗೋ ಮೊದಲೇ ಕೈಯನ್ನು ಕೊಂಡಿಟ್ಟುಕೊಳ್ಳೋದಕ್ಕೆ ಮಾತ್ರ ಆಗೋದಿಲ್ಲ."

ಉಳಿದದ್ದು ಗಾಯದ ವಿಚಾರಣೆ, ಡಾಕ್ಟರ ಚೀಟಿ, ಕೂಲಿಯ ಪಟ್ಟಿ. ಸಂಜೆಯೊಳಗೆ ಹುಕುಂ ಆಯಿತು. ಸೇಠರು ಪರಿಹಾರ ಕೊಡಬೇಕು, ಬಲಗೈಯ ಲೆಕ್ಕದಲ್ಲಿ. ಹೊರಗೆ ಬೇವಿನ ಮರದ ಕೆಳಗೆ ಗುರುಲಿಂಗಪ್ಪ ಅಂಬಾರಾಯನ ಭುಜ ತಟ್ಟಿದರೆ ಅವನ ಮುಖ ಬಾಡಿತ್ತು.

"ಏನಾತೋ? ಗೆದ್ದೀದಿ ನೀ."

"ಗೆದ್ದೀನಿ ಖರೇ ಅಣ್ಣ. ಆದ್ರ ಅವರು ಅಂದಿದ್ದು ಕೇಳಿದ್ಯಾ? ನಾ ಹಿಗ್ಗಿ ಒತ್ತಿದ್ರೂ ಅಷ್ಟೇ ಅಂತ. ನನ್ನ ಮಾತು ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ."

ಇವನಿಗೆ ಏನು ಹೇಳುವುದು? ಗುರುಲಿಂಗಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಶಿವಕಾಂತಮ್ಮ ಮಾತ್ರ, "ನಡೀರಿ ಮನಿಗಿ, ಮಕ್ಕಳು ಹಸದಾವ," ಅಂದು ಗಂಡನ ಎಡಗೈ ಹಿಡಿದು ನಡೆದಳು.

ಪರಿಹಾರ ಬಂತು. ಸಾಲ ತೀರಿತು, ಮನೆಯ ಮಾಳಿಗೆ ರಿಪೇರಿಯಾಯಿತು. ಆದರೆ ದುಡ್ಡಿಗೆ ಕೈ ಚಿಗುರುವುದಿಲ್ಲ. ಮನೆಗೆ ದಿನಗೂಲಿ ಬೇಕಿತ್ತು. ಕಸಮುಸುರೆಯಲ್ಲಿ ಐದು ಹೊಟ್ಟೆ ತುಂಬುತ್ತಿರಲಿಲ್ಲ. ಪಾಲಿಶ್ ಯಂತ್ರಕ್ಕೆ ಮರಳು, ನೀರು ಹಾಕಲು ಹೆಣ್ಣಾಳು ತೆಗೆದುಕೊಳ್ಳುತ್ತಾರೆಂದು ಕೇಳಿ ಶಿವಕಾಂತಮ್ಮ ಅದೇ ಸೇಠರ ಕಾರ್ಖಾನೆಗೆ ಹೋಗುತ್ತೇನೆ ಅಂದಳು. ಊರಲ್ಲಿ ಬೇರೆ ಕಾರ್ಖಾನೆ ಯಾವುದೂ ಆಗ ಆಳು ತೆಗೆದುಕೊಳ್ಳುತ್ತಿರಲಿಲ್ಲ. ಸೇಠರು ಸಿಟ್ಟಿನ ಮನುಷ್ಯರಲ್ಲ, ಇಟ್ಟುಕೊಂಡರೂ ಇಟ್ಟುಕೊಂಡಾರು ಎಂದು ಗುರುಲಿಂಗಪ್ಪ ಜೊತೆಗೆ ಹೋದ.

ಕಾರ್ಖಾನೆಯ ಗೇಟಿನ ಹತ್ತಿರ ಹತ್ತು ಹನ್ನೆರಡು ಮಂದಿ ಸಾಲಾಗಿ ನಿಂತಿದ್ದರು. ಕುಂಚಾವರಂ ಕಡೆಯಿಂದ, ಸೇಡಂ ಕಡೆಯಿಂದ ಕೆಲಸ ಹುಡುಕಿ ಬಂದವರು. ಜಿಲಾನಿ ಸ್ಟೂಲಿನ ಮೇಲೆ ಕೂತು, ಒಬ್ಬೊಬ್ಬರ ಹೆಸರು ಬರೆದು, ಶಾಯಿಯ ಗಾದಿ ಮುಂದೆ ಸರಿಸಿ, ಕಾಗದದ ಮೇಲೆ ಹೆಬ್ಬಟ್ಟು ಒತ್ತಿಸಿಕೊಳ್ಳುತ್ತಿದ್ದ. ಗುರುಲಿಂಗಪ್ಪ ಬಗ್ಗಿ ನೋಡಿದ. ಅದೇ ರಾಜೀನಾಮಾ. ಒಂದಕ್ಷರ ಬದಲಾಗಿರಲಿಲ್ಲ.

ಅವನಿಗೆ ಮೈ ಉರಿದುಹೋಯಿತು. "ಜಿಲಾನಿ ಭಾಯ್, ಇದು ರದ್ದು ಅಂತ ಕಮಿಷನರ್ ಸಾಹೇಬರು ನಿಮ್ಮೆದುರೇ ಹೇಳ್ಯಾರಲ್ಲ. ಮತ್ತ ಯಾಕ್ ಒತ್ತಸಾಕತ್ತೀರಿ?"

ಜಿಲಾನಿ ಕೆಟ್ಟವನಲ್ಲ. ಅಂಬಾರಾಯನ ಕೈ ಹೋದ ದಿನ ಗಾಡಿಯಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದವನು ಅವನೇ. ಗುರುಲಿಂಗಪ್ಪನನ್ನು ಆಚೆಗೆ ಕರೆದು ದನಿ ತಗ್ಗಿಸಿದ.

"ರದ್ದು ಅಂತ ನನಗ ಗೊತ್ತದ, ಸೇಠರಿಗಿ ಗೊತ್ತದ, ನಿಮಗ ಗೊತ್ತದ. ಇವರಿಗಿ ಗೊತ್ತದಾ? ಈ ಕಾಗದ ಕೋರ್ಟಿಗಿ ಅಲ್ಲ ಗುರಲಿಂಗಪ್ಪನೋರ. ಕೋರ್ಟಿಗಿ ಹೋಗಬಾರದು ಅಂತ. ಹತ್ ಮಂದಿಯಾಗ ಒಂಬತ್ ಮಂದಿ ನಿಮ್ಮ ಅಂಬಾರಾಯನ ಹಂಗ, ಹೆಬ್ಬಟ್ಟು ಒತ್ತೀನಿ ಅಂತ ಸುಮ್ಕ ಮನ್ಯಾಗ ಕುಂದರ್ತಾರ."

ಗುರುಲಿಂಗಪ್ಪ ಸಾಲಿನ ಕಡೆ ನೋಡಿದ. ಬರೆಸಿಕೊಂಡದ್ದನ್ನು ಕಾಯ್ದೆ ರದ್ದು ಮಾಡುತ್ತದೆ. ಬರೆಸಿಕೊಳ್ಳಬೇಡ ಅಂತ ಗೇಟಿನಲ್ಲಿ ನಿಂತು ಕೈ ಹಿಡಿಯುವವರು ಯಾರೂ ಇಲ್ಲ. ವರ್ಷವೆಲ್ಲ ಓಡಾಡಿ ಗೆದ್ದದ್ದು ಈ ಗೇಟಿನ ಒಳಗೆ ಕಾಲಿಟ್ಟೇ ಇರಲಿಲ್ಲ.

ಅಷ್ಟರಲ್ಲಿ ಶಿವಕಾಂತಮ್ಮನ ಸರದಿ ಬಂತು. ಜಿಲಾನಿ ಸ್ಟೂಲಿಗೆ ಮರಳಿ ಅವಳ ಹೆಸರು ಬರೆದುಕೊಂಡ. ಸೆರಗು ಹೊದ್ದು ಅವಳು ಹೆಬ್ಬೆರಳನ್ನು ಶಾಯಿಗೆ ಒತ್ತಿದಳು. ಗುರುಲಿಂಗಪ್ಪ ಓಡಿಬಂದ.

"ಯಕ್ಕಾ, ಒತ್ತಬ್ಯಾಡ."

"ಯಾಕ್ರಿ ಅಣ್ಣಾರ? ನೀವೇ ಹೇಳೀರಲ್ಲ, ಇದು ನಡ್ಯಂಗಿಲ್ಲ ಅಂತ. ಸಾಹೇಬರು ಭೀ ಅದೇ ಹೇಳ್ಯಾರ. ಹಿಗ್ಗಿ ಒತ್ತಿದ್ರೂ ರದ್ದು, ಅತ್ತು ಒತ್ತಿದ್ರೂ ರದ್ದು. ನಾಳಿ ನನ್ನ ಕೈ ಹ್ವಾದ್ರ ನಾ ಸೀದಾ ಕಮಿಷನರ ಹಂತೇಲಿ ಹೋಗ್ತೀನಿ. ಒತ್ತಿದ್ರ ನಂದೇನ್ ಹೋಯ್ತದ?"

ಗುಟ್ಟಾಗಿ ಹೇಳುವುದು ಅವಳಿಗೆ ಗೊತ್ತಿರಲಿಲ್ಲ. ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಗುಸುಗುಸು ಎದ್ದಿತು. ಗುರುಲಿಂಗಪ್ಪನಿಗೆ ಒಂದು ಕ್ಷಣ ಎದೆ ತುಂಬಿ ಬಂತು. ತಾನು ಎರಡು ಪುಟದಲ್ಲಿ ಹೇಳಲಾರದ್ದನ್ನು ಇವಳು ಗೇಟಿನಲ್ಲಿ ನಿಂತು ಹೇಳಿದ್ದಳು.

ಜಿಲಾನಿ ಅವಳ ಬೆರಳಿನ ಕೆಳಗಿನಿಂದ ಕಾಗದವನ್ನು ಮೆಲ್ಲಗೆ ಎಳೆದುಕೊಂಡ. ಅವಳ ಹೆಸರಿನ ಮೇಲೆ ಗೆರೆ ಹೊಡೆದ. ಮುಖ ಮೇಲೆತ್ತಲಿಲ್ಲ.

"ಖಾಲಿ ಇಲ್ಲ, ಬಾಯಿ. ಹೆಣ್ಣಾಳು ಸಾಕಾಗ್ಯಾರ."

"ಈಗರೇ ಹೆಸರು ಬರದೀರಿ..."

"ಸಾಕಾಗ್ಯಾರ. ಮುಂದಿನವರು ಬರ್ರಿ."

ಶಿವಕಾಂತಮ್ಮ ಶಾಯಿ ಹತ್ತಿದ ಬೆರಳನ್ನು ನೋಡುತ್ತ ನಿಂತಳು. ಗುರುಲಿಂಗಪ್ಪ ಜಗಳಕ್ಕೆ ಬಾಯಿ ತೆರೆದ. ಆದರೆ ಯಾವ ಕಲಂ ತೆಗೆದು ಜಗಳ ಆಡುವುದು? ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಎನ್ನುವುದಕ್ಕೆ ಅವನಿಗೆ ಯಾವ ಕಲಮೂ ನೆನಪಾಗಲಿಲ್ಲ. ಅವನು ಸಾಲಿನ ಕಡೆ ತಿರುಗಿ, "ಅಣ್ಣಗಳಿರಾ, ಈ ಯಕ್ಕ ಹೇಳಿದ್ದು ಕೇಳಿದ್ರಿಲ್ಲ?" ಅಂತ ಕೂಗಿದ.

ಅವಳ ಹಿಂದೆ ಮಶಾಕ ಎಂಬ ಕಲ್ಲೊಡೆಯುವವನು ನಿಂತಿದ್ದ. ಅವಳ ಮಾತಿಗೆ ಎಲ್ಲರಿಗಿಂತ ಮೊದಲು ತಲೆಯಾಡಿಸಿದವನು ಅವನೇ. ಈಗ ಗುರುಲಿಂಗಪ್ಪನ ಮುಖ ನೋಡದೆ ಪಕ್ಕಕ್ಕೆ ಸರಿದು, ಸ್ಟೂಲಿನ ಮುಂದೆ ಬಗ್ಗಿ, ಹೆಬ್ಬೆರಳು ಚಾಚಿದ.

"ನನಗ ಕಿವಿ ಜರಾ ಮಂದ ಅದಾವ್ರಿ, ಮುನ್ಶಿ ಸಾಹೇಬ್," ಅಂದ. "ಏನೂ ಕೇಳಿಲ್ಲ ನನಗ."